ಹತ್ತನೇ ತರಗತಿ ಪಾಸ್ ಅಥವಾ ಫೇಲ್, ಸಂಬಳ 26,500

ದೇಶದಲ್ಲಿ ಕೆಲಸವಿಲ್ಲ ಎಂದು ಗೊಣಗುವವರು ದಯವಿಟ್ಟು ಒಮ್ಮೆ ಬಸ್‌ಸ್ಟ್ಯಾಂಡಿನ ಗೋಡೆ ನೋಡಬೇಕು. ಮೂಲವ್ಯಾಧಿ ಡಾಕ್ಟರ ಪೋಸ್ಟರಿಗೂ ಬೋರ್‌ವೆಲ್ ಪಾಯಿಂಟ್ ತೋರಿಸುವವರ ಪೋಸ್ಟರಿಗೂ ನಡುವೆ ಹಳದಿ ಚೀಟಿಯೊಂದು ಅಂಟಿರುತ್ತದೆ. ‘ಏರ್‌ಪೋರ್ಟ್‌ನಲ್ಲಿ ನೇರ ನೇಮಕಾತಿ. ಗ್ರೌಂಡ್ ಸ್ಟಾಫ್, ಟಿಕೆಟ್ ಕೌಂಟರ್, ಲೋಡರ್. 10ನೇ ತರಗತಿ ಪಾಸ್/ಫೇಲ್. ಸಂಬಳ 26,500. ಊಟ, ವಸತಿ ಉಚಿತ. ಅನುಭವ ಬೇಡ.’ ಕೆಳಗೊಂದು ಮೊಬೈಲ್ ನಂಬರು. ಪಾಸಾದವನಿಗೂ ಫೇಲಾದವನಿಗೂ ಒಂದೇ ಸಂಬಳ ಎನ್ನುವಷ್ಟು ಸಮಾನತೆ ನಮ್ಮ ಸಂವಿಧಾನಕ್ಕೂ ಹೊಳೆದಿರಲಿಲ್ಲ.

ಈ ಕಂಪನಿಯ ಶಿಸ್ತನ್ನು ನಾನು ಮನಸಾರೆ ಮೆಚ್ಚುತ್ತೇನೆ. ನಿಜವಾದ ಕಂಪನಿಗಳಿಗೆ ಅರ್ಜಿ ಹಾಕಿ ನೋಡಿ, ನಿಮ್ಮ ರೆಸ್ಯೂಮೆ ಬಾವಿಗೆ ಬಿದ್ದ ಕೊಡದ ಹಾಗೆ, ಸದ್ದೂ ಇಲ್ಲ ಸುಳಿವೂ ಇಲ್ಲ. ಇಲ್ಲಿ ಹಾಗಲ್ಲ. ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಚಹಾ ಆರುವುದರೊಳಗೆ ‘ಎಚ್‌ಆರ್ ಮೇಡಂ’ ಲೈನಿಗೆ ಬರುತ್ತಾರೆ. ಹೆಸರು, ಊರು, ಓದು ಕೇಳುತ್ತಾರೆ. ಆಮೇಲೆ, ‘ಆಧಾರ್ ಎರಡೂ ಬದಿ, ಪ್ಯಾನ್ ಕಾರ್ಡು, ಮಾರ್ಕ್ಸ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕಿನ ಮೊದಲ ಪುಟ ವಾಟ್ಸ್ಯಾಪ್ ಮಾಡಿ.’ ಸಂಜೆಗೆ ಆಫರ್ ಲೆಟರ್. ಇಂಟರ್‌ವ್ಯೂ ಯಾವಾಗ ಎಂದು ಕೇಳಿದರೆ, ‘ಆಯ್ತಲ್ಲ ಸರ್, ಈಗ ಮಾತಾಡಿದ್ದೇ ಇಂಟರ್‌ವ್ಯೂ!’

ನಮ್ಮ ಓಣಿಯ ಹುಡುಗನೊಬ್ಬನಿಗೆ ಬಂದ ಅಂಥ ಪತ್ರವನ್ನು ಕಣ್ತುಂಬ ನೋಡುವ ಭಾಗ್ಯ ನನಗೆ ಸಿಕ್ಕಿತ್ತು. ಅವರಮ್ಮ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ದೇವರ ಮನೆಯಲ್ಲಿಟ್ಟಿದ್ದರು. ಎಡಗಡೆ ವಿಮಾನದ ಚಿತ್ರ, ಬಲಗಡೆ ಅಶೋಕ ಸ್ತಂಭದ ಸಿಂಹಗಳು, ನಡುವೆ ಪ್ರೈವೇಟ್ ಲಿಮಿಟೆಡ್ ಕಂಪನಿಯ ಹೆಸರು. ಖಾಸಗಿಯವರು ಲೆಟರ್‌ಹೆಡ್ಡಿನಲ್ಲಿ ಹಾಗೆ ಸಿಂಹ ಛಾಪಿಸಿಕೊಳ್ಳಬಾರದೆಂದು 2005ರಲ್ಲೇ ಕಾನೂನಾಗಿದೆ. ಆದರೆ ನಮಗೆ ಸಿಂಹ ಕಂಡರೆ ಕೈ ಮುಗಿಯುವುದಷ್ಟೇ ಗೊತ್ತು. ಅದರ ಮೇಲೆ ಮೂರು ಸೀಲು. ದುಂಡಗಿನದೊಂದು, ಚೌಕದ್ದೊಂದು, ‘ಅಪ್ರೂವ್ಡ್’ ಎಂದು ಓರೆಯಾಗಿ ಬಿದ್ದ ಕೆಂಪಿನದೊಂದು.

ಸೀಲಿನ ವಿಚಾರ ಬಂತು, ಒಂದು ಮಾತು ಹೇಳಿಬಿಡುತ್ತೇನೆ. ಈ ನಾಡಿನಲ್ಲಿ ಸೀಲಿಗಿರುವ ಬೆಲೆ ಸಹಿಗಿಲ್ಲ, ಸಹಿ ಹಾಕಿದ ಮನುಷ್ಯನಿಗಂತೂ ಮೊದಲೇ ಇಲ್ಲ. ನಾಡಕಚೇರಿಯಲ್ಲಿ ಜಾತಿ ಪ್ರಮಾಣಪತ್ರ ತಗೊಂಡವನು ಅದರ ಮೇಲಿನ ಅಕ್ಷರ ಓದುವುದಿಲ್ಲ, ‘ಸೀಲ್ ಸರಿಯಾಗಿ ಮೂಡಿಲ್ಲ ಸ್ವಾಮಿ’ ಎಂದು ಮತ್ತೆ ಸಾಲಿನಲ್ಲಿ ನಿಲ್ಲುತ್ತಾನೆ. ಮೂಡದ ಸೀಲಿಗೆ ನಾವು ಅನುಭವಿಸಿದ ಅಲೆದಾಟ ಎಷ್ಟೆಂದರೆ, ಚೆನ್ನಾಗಿ ಮೂಡಿದ ಮೂರು ಸೀಲು ಒಟ್ಟಿಗೆ ಕಂಡರೆ ಕಣ್ಣಲ್ಲಿ ನೀರೇ ಬರುತ್ತದೆ. ಸೀಲು ಮಾಡುವ ಅಂಗಡಿ ಕೋರ್ಟಿನ ಎದುರಿಗೇ ಇರುತ್ತದೆ ಎಂಬುದು ಆ ಕ್ಷಣಕ್ಕೆ ನೆನಪಿಗೆ ಬರುವುದಿಲ್ಲ.

ಇರಲಿ. ಪತ್ರದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಜಿಎಸ್‌ಟಿ ನಂಬರಿತ್ತು. ಹದಿನೈದು ಅಕ್ಷರದ ಆ ಸಾಲು ಬಲು ಚಾಡಿಕೋರ. ಮೊದಲ ಎರಡು ಅಂಕೆ ರಾಜ್ಯದ್ದು, ಕರ್ನಾಟಕಕ್ಕಾದರೆ 29. ಬೆಂಗಳೂರಿನ ವಿಳಾಸ ಕೊಟ್ಟ ಈ ಪತ್ರದಲ್ಲಿ 07 ಇತ್ತು, ಅಂದರೆ ದೆಹಲಿ. ಇದೊಂದಕ್ಕೇ ಕಳ್ಳ ಎನ್ನಲಾಗದು, ದೆಹಲಿಯಲ್ಲಿ ಮುಖ್ಯ ಕಚೇರಿ ಇರಬಹುದು. ಮುಂದಿನ ಹತ್ತು ಅಕ್ಷರ ಆ ಸಂಸ್ಥೆಯ ಪ್ಯಾನ್ ನಂಬರು. ಪ್ಯಾನಿನ ನಾಲ್ಕನೇ ಅಕ್ಷರ, ಅಂದರೆ ಜಿಎಸ್‌ಟಿ ಸಾಲಿನ ಆರನೆಯದು, ಮಾಲೀಕ ಯಾರೆಂದು ಹೇಳುತ್ತದೆ. ಕಂಪನಿಯಾದರೆ `C`, ಒಬ್ಬ ವ್ಯಕ್ತಿಯಾದರೆ `P`. ಮೇಲೆ ಪ್ರೈವೇಟ್ ಲಿಮಿಟೆಡ್ ಎಂದು ದಪ್ಪಕ್ಷರ, ಕೆಳಗೆ `P`. gst.gov.in ತೆರೆದು ನಂಬರು ಹಾಕಿದರೆ, ಲಾಗಿನ್ ಕೂಡ ಬೇಡ, ಯಾರ ಹೆಸರಲ್ಲಿದೆ ಎಂದು ತೋರಿಸುತ್ತದೆ. ನಾವು ನೋಡಿದಾಗ ಬಂದದ್ದು ದಿನಸಿ ಅಂಗಡಿ. ಪಾಪ, ಆ ಅಂಗಡಿಯವನಿಗೆ ತಾನು ವಿಮಾನ ನಿಲ್ದಾಣಕ್ಕೆ ಲೋಡರ್ ನೇಮಿಸುತ್ತಿರುವುದು ಗೊತ್ತೇ ಇರಲಿಕ್ಕಿಲ್ಲ.

ಬುದ್ಧಿವಂತ ಕಳ್ಳನಾದರೆ ನಿಜವಾದ ಕಂಪನಿಯ ನಂಬರನ್ನೇ ಎತ್ತಿ ಹಾಕುತ್ತಾನೆ, ಆಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಹಾಗಾಗಿ ನಂಬರು ತಾಳೆಯಾದರೆ ಪತ್ರ ಅಸಲಿ ಎಂದಾಗುವುದಿಲ್ಲ, ತಾಳೆಯಾಗದಿದ್ದರೆ ನಕಲಿ ಎಂಬುದು ಮಾತ್ರ ಖಾತ್ರಿ. ಪತ್ರದಲ್ಲಿದ್ದ ಫೋನಿಗಲ್ಲದೆ, ಆ ಹೆಸರಿನ ಕಂಪನಿಯ ಸ್ವಂತ ವೆಬ್‌ಸೈಟಿನಲ್ಲಿರುವ ಫೋನಿಗೆ ಮಾಡಿ ಕೇಳಿದರೆ ಎರಡು ನಿಮಿಷದಲ್ಲಿ ಇತ್ಯರ್ಥ. ಈ ಹುಡುಗ ಕೇಳಿದ್ದು ಪತ್ರದಲ್ಲಿದ್ದ ನಂಬರಿಗೆ. ‘ಇದು ನಿಜವಾ ಮೇಡಂ?’ ಎಂದು. ‘ನೂರಕ್ಕೆ ನೂರು ನಿಜ ಸರ್’ ಎಂದರಂತೆ ಮೇಡಂ.

ಆಮೇಲೆ ಮೆಟ್ಟಿಲು ಶುರು. ಮೊದಲು ನೋಂದಣಿ ಶುಲ್ಕ 1,550. ಅದು ಹೋದ ಮಾರನೆ ದಿನ ಯೂನಿಫಾರ್ಮ್, ಶೂ, ಐಡಿ ಕಾರ್ಡಿಗೆ 4,200. ಆಮೇಲೆ ಗೇಟ್ ಪಾಸಿಗೆ 8,750. ಕೊನೆಗೆ ಟ್ರೈನಿಂಗ್ ಡೆಪಾಸಿಟ್ಟು 12,500. ಎಲ್ಲದಕ್ಕೂ ಒಂದೇ ಮಂತ್ರ: ‘ರಿಫಂಡಬಲ್ ಸರ್, ಮೊದಲ ಸಂಬಳದ ಜೊತೆ ಬರುತ್ತೆ.’ ಇದರ ಜಾಣತನ ನೋಡಿ. 27,000 ಒಟ್ಟಿಗೆ ಕೇಳಿದ್ದರೆ ಅವನು ಫೋನಿಡುತ್ತಿದ್ದ. 1,550 ಹೋದವನಿಗೆ 4,200 ಕೊಡದಿದ್ದರೆ 1,550 ಮುಳುಗುತ್ತದೆ ಎಂಬ ಭಯ, 4,200 ಕೊಟ್ಟವನಿಗೆ 5,750ರ ಭಯ. ಹುಡುಗ ಹೆದರಿ ಹೆದರಿ, ಕೊನೆಗೆ ತಿಂಗಳ ಸಂಬಳಕ್ಕಿಂತ 500 ಹೆಚ್ಚು ಕೊಟ್ಟ. ಕೊನೆಯ ಕಂತಿಗೆ ಅವರಮ್ಮ ಸ್ವಸಹಾಯ ಸಂಘದಲ್ಲಿ ಸಾಲ ಎತ್ತಿದ್ದು.

ಆ ಗೇಟ್ ಪಾಸಿನ ಕಥೆ ಇನ್ನೂ ಚೆಂದ. ವಿಮಾನ ನಿಲ್ದಾಣದ ಒಳಗೆ ಕೆಲಸ ಮಾಡುವವರಿಗೆ ಪ್ರವೇಶ ಪರವಾನಗಿ ಬೇಕು ಎನ್ನುವುದು ನಿಜ. ಅದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ವ್ಯವಸ್ಥೆ. ಅರ್ಜಿ ಹಾಕುವುದು ಕೆಲಸ ಕೊಟ್ಟ ಸಂಸ್ಥೆ, ಪೂರ್ವಾಪರ ವಿಚಾರಿಸುವುದು ಪೊಲೀಸರು. ಎಚ್‌ಆರ್ ಮೇಡಂಗೆ ಫೋನ್‌ಪೇ ಮಾಡಿದರೆ ಬರುವ ವಸ್ತು ಅದಲ್ಲ. ಹಾಗೆ ಬರುವಂತಿದ್ದರೆ ವಿಮಾನ ಹತ್ತಲು ನನಗೇ ಹೆದರಿಕೆಯಾಗುತ್ತಿತ್ತು. ಇನ್ನು ಆ ಫೋನ್‌ಪೇ. ದುಡ್ಡು ಹೋಗುವ ಮುಂಚೆ ಪರದೆಯ ಮೇಲೆ ಖಾತೆದಾರರ ಹೆಸರು ಬರುತ್ತದಲ್ಲ, ಅಲ್ಲಿ ಕಂಪನಿಯ ಹೆಸರಿರಲಿಲ್ಲ. ಪ್ರತಿ ಕಂತಿಗೂ ಬೇರೆ ಬೇರೆ ಹೆಸರು, ಒಮ್ಮೆಯಂತೂ ಯಾವುದೋ ಮೊಬೈಲ್ ರೀಚಾರ್ಜ್ ಅಂಗಡಿ. ಕೇಳಿದ್ದಕ್ಕೆ, ‘ಅವರು ನಮ್ಮ ಅಕೌಂಟ್ಸ್ ಮ್ಯಾನೇಜರ್ ಸರ್.’

ಇಷ್ಟೆಲ್ಲ ಕಂಡೂ ಹುಡುಗ ಹೇಗೆ ಕೊಟ್ಟ ಎಂದು ನೀವು ಕೇಳಬಹುದು. ಕೇಳುವವರಿಗೆ ಕೆಲಸ ಇದೆ ಎಂದರ್ಥ. ನಮ್ಮ ಹುಡುಗರಿಗೆ ಕೆಲಸ ಎಂದರೆ ಮೊದಲು ದುಡ್ಡು ಕಟ್ಟುವುದೇ ಎಂದು ರೂಢಿ ಮಾಡಿಸಿದ್ದು ಯಾರು? 2024ರ ಕೆಎಎಸ್ ಅರ್ಜಿಗೆ ಸಾಮಾನ್ಯ ವರ್ಗದವರು 600 ಕಟ್ಟಿದರು. ಆಗಸ್ಟಿನಲ್ಲಿ ಪರೀಕ್ಷೆಯಾಯಿತು, ಕನ್ನಡ ಪ್ರಶ್ನೆಪತ್ರಿಕೆ ಓದಿ ಕನ್ನಡದವರೇ ತಲೆ ಕೆರೆದುಕೊಂಡರು, ಡಿಸೆಂಬರಿನಲ್ಲಿ ಮತ್ತೆ ಪರೀಕ್ಷೆ, ಮತ್ತೆ ಅದೇ ತಲೆ, ಅದೇ ಕೆರೆತ. ಅದಕ್ಕೂ ಹಿಂದೆ 545 ಪಿಎಸ್‌ಐ ಹುದ್ದೆಗಳ ಕಥೆ ನಿಮಗೆ ಹೇಳಬೇಕಿಲ್ಲ. ಅಲ್ಲಿ ಓಡಾಡಿದ ಲಕ್ಷಗಳ ಮುಂದೆ 1,550 ಎಂದರೆ ಧರ್ಮಕಾರ್ಯ. ಹಾಗೆಂದು ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ಸರ್ಕಾರಿ ಶುಲ್ಕ ಪರೀಕ್ಷೆ ಬರೆಯಲಿಕ್ಕೆ. ಅದಕ್ಕೆ ನಂಬರು, ದಿನಾಂಕವಿರುವ ಅಧಿಸೂಚನೆ ಇರುತ್ತದೆ, ಆಯೋಗದ ಜಾಲತಾಣದಲ್ಲೇ ಕಟ್ಟುತ್ತೀರಿ, ಕಟ್ಟಿದ ಮೇಲೆ ಫೇಲಾಗುವ ಪೂರ್ಣ ಸ್ವಾತಂತ್ರ್ಯ ನಿಮಗಿರುತ್ತದೆ. ‘ನೀವು ಸೆಲೆಕ್ಟ್ ಆಗಿದ್ದೀರಿ, ಈಗ ಕಟ್ಟಿ’ ಎನ್ನುವುದು ಮಾತ್ರ ಬೇರೆ ಜಾತಿ.

ದುಡ್ಡು ಹೋದರೆ ಹೋಯಿತು ಎನ್ನೋಣ. ಆದರೆ ಮೊದಲ ದಿನವೇ ಬಿಟ್ಟಿಯಾಗಿ ಕಳಿಸಿದ ಕಾಗದಗಳು? ಆಧಾರ್, ಪ್ಯಾನ್, ಫೋಟೋ, ಸಹಿ ಸೇರಿದರೆ ಅವನದೊಂದು ನಕಲು ತಯಾರು. ಅದರ ಮೇಲೆ ಸಿಮ್ ಎತ್ತಲು, ಖಾತೆ ತೆರೆಯಲು ನೋಡುತ್ತಾರೆ. ಇವನದು ಇನ್ನೂ ಒಂದು ಕೈ ಮೇಲೆ. ‘ಸ್ಯಾಲರಿ ಅಕೌಂಟ್’ ಎಂದು ಹೇಳಿ ಹೊಸ ಖಾತೆ ತೆರೆಸಿ, ಎಟಿಎಂ ಕಾರ್ಡು, ಆ ಖಾತೆಯ ಸಿಮ್ಮು ಎರಡನ್ನೂ ಕೊರಿಯರ್ ಮಾಡಿಸಿಕೊಂಡಿದ್ದರು. ಸಂಬಳ ಬರಲಿಲ್ಲ. ಇನ್ಯಾರೋ ಮೋಸ ಹೋದವರ ದುಡ್ಡು ಆ ಖಾತೆಗೆ ಬಂದು, ಅಲ್ಲಿಂದ ಮುಂದಕ್ಕೆ ಹೋಯಿತು. ಕೊನೆಗೆ ಖಾತೆ ಫ್ರೀಜ್, ಬೇರೆ ರಾಜ್ಯದ ಪೊಲೀಸರಿಂದ ನೋಟಿಸ್. ಕೆಲಸ ಹುಡುಕಿಕೊಂಡು ಹೊರಟವನು ಆರೋಪಿ. sancharsaathi.gov.in ನಲ್ಲಿ ತನ್ನ ಹೆಸರಿನಲ್ಲಿರುವ ಮೊಬೈಲ್ ನಂಬರುಗಳನ್ನು ಯಾರು ಬೇಕಾದರೂ ನೋಡಬಹುದು. ಅವನು ನೋಡಿದ. ಮುಟ್ಟದ ಎರಡು ಸಿಮ್ಮು ಅಲ್ಲಿದ್ದವು.

ಅವನು ದೂರು ಕೊಡಲು ಹೋದಾಗ ಠಾಣೆಯಲ್ಲಿ ಕೇಳಿದ ಮೊದಲ ಪ್ರಶ್ನೆ, ‘ಓದಿದವನಲ್ವೇನಯ್ಯಾ ನೀನು?’ ಬ್ಯಾಂಕಿನವರು, ‘ಪಿನ್ ಒತ್ತಿದ್ದು ನೀವೇ ಅಲ್ವಾ.’ ಬಳಗದವರು, ‘ಅತಿಯಾಸೆ.’ ಇಲ್ಲಿ ನನ್ನ ತಮಾಷೆ ಮುಗಿಯಿತು. ಹತ್ತನೇ ತರಗತಿ ಓದಿದ ಹುಡುಗ ತಿಂಗಳಿಗೆ ಇಪ್ಪತ್ತಾರು ಸಾವಿರ ಬೇಕೆಂದರೆ ಅತಿಯಾಸೆಯಂತೆ! ಅದೇ ಊರಿನಲ್ಲಿ ಸೈಟಿನ ಮೇಲೆ ಸೈಟು ಮಾಡಿದವನಿಗೆ ಸನ್ಮಾನ, ಹಾರ, ಶಾಲು. ಆ ಚೀಟಿಯನ್ನು ಸರ್ಕಾರಿ ಗೋಡೆಗೆ ಹಚ್ಚಿದವನನ್ನು ಯಾರೂ ಕೇಳಲಿಲ್ಲ. ಅದೇ ಜಾಹೀರಾತನ್ನು ದುಡ್ಡು ತಗೊಂಡು ವರ್ಗೀಕೃತ ಪುಟದಲ್ಲಿ ಛಾಪಿಸಿ, ಕೆಳಗೆ ‘ಓದುಗರು ಸ್ವತಃ ಪರಿಶೀಲಿಸಿಕೊಳ್ಳಬೇಕು’ ಎಂದು ಇರುವೆ ಗಾತ್ರದ ಅಕ್ಷರ ಹಾಕಿದವರನ್ನೂ ಕೇಳಲಿಲ್ಲ. ಕೇಳಿದ್ದು ಇವನನ್ನೊಬ್ಬನನ್ನೇ.

ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಆಗಲೇ ಫೋನ್ ಮಾಡಿದ್ದರೆ, ದುಡ್ಡು ಮುಂದಿನ ಖಾತೆಗೆ ಜಾರುವ ಮುಂಚೆ ತಡೆಹಿಡಿಯುವ ಅವಕಾಶವಿತ್ತು. ಅದು ಗಂಟೆಗಳ ಲೆಕ್ಕದ ಕೆಲಸ. ಇವನು ಮಾಡಿದ್ದು ಹತ್ತು ದಿನದ ಮೇಲೆ. ಅಲ್ಲಿಯವರೆಗೂ ಯೂನಿಫಾರ್ಮ್ ಕೊರಿಯರಿನಲ್ಲಿ ಬರುತ್ತದೆಂದು ಕಾಯುತ್ತಿದ್ದ. cybercrime.gov.in ನಲ್ಲೂ ದೂರು ದಾಖಲಾಗಿದೆ, ಸಂಖ್ಯೆ ಸಿಕ್ಕಿದೆ, ಅವರಮ್ಮ ಸಂಘದ ಕಂತು ಕಟ್ಟುತ್ತಿದ್ದಾರೆ.

ಮೊನ್ನೆ ಅವನಿಗೆ ಹೊಸ ನಂಬರಿನಿಂದ ಫೋನ್ ಬಂತಂತೆ. ‘ಸೈಬರ್ ರಿಕವರಿ ಸೆಲ್’ನವರು. ಏರ್‌ಪೋರ್ಟ್ ಕೆಲಸದಲ್ಲಿ ಕಳಕೊಂಡದ್ದು ಎಷ್ಟು ಎಂಬುದು ರೂಪಾಯಿ ಸಮೇತ ಅವರಿಗೆ ಗೊತ್ತು. ಪೂರ್ತಿ ವಾಪಸ್ ಕೊಡಿಸುತ್ತಾರಂತೆ. ಫೈಲ್ ಓಪನ್ ಮಾಡಲು 999 ಕಳಿಸಬೇಕು, ಅದೂ ರಿಫಂಡಬಲ್.