ಅತ್ತಿಗೆ ಹತ್ತಿದ ರೈಲು

ನಮ್ಮ ಅತ್ತಿಗೆ ಮಂಡ್ಯದಿಂದ ಮದ್ದೂರಿಗೆ ದಿನಾ ರೈಲಿನಲ್ಲಿ ಕೆಲಸಕ್ಕೆ ಹೋಗಿಬರುತ್ತಾರೆ. ಒಂದು ದಿನ ತಡವಾಗಿ, ಓಡಿ, ಎದುರಿಗೆ ಹೊರಡುತ್ತಿದ್ದ ರೈಲು ಹತ್ತಿಬಿಟ್ಟರು. ಅದು ಮೈಸೂರಿಗೆ ಹೋಗುವ ರೈಲು. ಸಂಜೆ ಅದನ್ನು ಹೇಳುವಾಗ ಅವರು ಎಲ್ಲೂ ನಿಲ್ಲಲಿಲ್ಲ. ಒಂದೇ ವಾಕ್ಯ. ಕೇಳುತ್ತಿದ್ದ ನಮಗೇ ಉಸಿರು ಕಟ್ಟಿತು.

ಇದನ್ನು ಪದ್ಯ ಮಾಡಬೇಕು ಅನ್ನಿಸಿತು. ಮೊದಲು ಹೀಗೆ ಬರೆದೆ:

ಡಬ್ಬಿ ಮರೆತೆ.
ತಿರುಗಿ ಬಂದೆ.
ಆಟೋ ನಿಲ್ಲಲಿಲ್ಲ.
ಓಡಿದೆ.
ರೈಲು ಹತ್ತಿದೆ.

ಓಟದ ಪದ್ಯ ಅಂದಮೇಲೆ ಚಿಕ್ಕ ಚಿಕ್ಕ ಸಾಲು ಇರಬೇಕು ಅಂತ ನನ್ನ ಲೆಕ್ಕ. ಓದಿ ನೋಡಿದರೆ ಪೊಲೀಸರ ಮುಂದೆ ಕೊಟ್ಟ ಹೇಳಿಕೆ ಥರ ಇತ್ತು. ಸರಿ, ಚುಕ್ಕಿಗಳನ್ನೆಲ್ಲ ಕಿತ್ತುಹಾಕಿ ಒಂದೇ ಉಸಿರಿಗೆ ಬರೆದೆ: 'ಡಬ್ಬಿ ಮರೆತೆ ತಿರುಗಿ ಬಂದೆ ಆಟೋ ನಿಲ್ಲಲಿಲ್ಲ ಓಡಿದೆ.' ಆಗಲೂ ಅಷ್ಟೇ. ಕಣ್ಣಿಗೆ ಚುಕ್ಕಿ ಕಾಣದಿದ್ದರೂ ನಾಲಿಗೆ ನಿಲ್ಲುತ್ತಿತ್ತು.

ಎರಡು ದಿನ ತಲೆ ಕೆರೆದುಕೊಂಡ ಮೇಲೆ ಗೊತ್ತಾಯಿತು. ಕನ್ನಡದಲ್ಲಿ ಪೂರ್ಣವಿರಾಮ ಇರುವುದು ಚುಕ್ಕಿಯಲ್ಲಲ್ಲ, ಕ್ರಿಯಾಪದದ ಬಾಲದಲ್ಲಿ. 'ಮರೆತೆ' ಅಂದರೆ ಮುಗಿಯಿತು. ಯಾರು, ಯಾವಾಗ, ಎಲ್ಲವೂ ಆ ಒಂದು 'ತೆ' ಒಳಗೆ ಬಂದುಬಿಟ್ಟಿತು. ಓದುವವನು ಅಲ್ಲಿ ಕೂತು ಸುಧಾರಿಸಿಕೊಳ್ಳುತ್ತಾನೆ. 'ಮರೆತು' ಅಂದರೆ ಹಾಗಲ್ಲ. ಮರೆತು ಏನಾಯಿತು? ಒಂದು ಕಾಲು ಮೇಲೆತ್ತಿದ ಹಾಗೆ ಅದು, ಇನ್ನೊಂದು ಹೆಜ್ಜೆ ಇಡದೆ ವಿಧಿಯಿಲ್ಲ. ಅತ್ತಿಗೆ ಮಾತಾಡಿದ್ದೂ ಹಾಗೆಯೇ ಅಲ್ವಾ? ಮರೆತು, ಬಂದು, ತೆಗೆದು, ಹಿಡಿದು, ಓಡಿ.

ವಾಕ್ಯ ಒಂದು ಸಾಲಿನಲ್ಲಿ ಮುಗಿಯದೆ ಮುಂದಿನ ಸಾಲಿಗೆ ದಾಟುವುದಕ್ಕೆ ಇಂಗ್ಲಿಷಿನವರು ಫ್ರೆಂಚಿನಿಂದ ತಂದುಕೊಂಡ ಪದ ಎಂಜಾಂಬ್‌ಮೆಂಟ್. ಅದರೊಳಗೆ ಇರುವುದೂ ಕಾಲೇ. ಫ್ರೆಂಚಿನಲ್ಲಿ ಜಾಂಬ್ ಅಂದರೆ ಕಾಲು, ಕಾಲೆತ್ತಿ ದಾಟುವುದು ಅಂತ ಅರ್ಥ. ಹೊಸ್ತಿಲು ದಾಟುತ್ತೇವಲ್ಲ, ಹಾಗೆ.

ಮೂರನೇ ಸಲ ಬರೆದದ್ದು ಇದು:

ಡಬ್ಬಿ ಮರೆತು ತಿರುಗಿ ಬಂದು ಬೀಗ ತೆಗೆದು ಡಬ್ಬಿ
ಹಿಡಿದು ಮತ್ತೆ ಬೀಗ ಹಾಕಿ ಆಟೋಗೆ ಕೈ
ಅಡ್ಡ ಹಾಕಿ ಅದು ನಿಲ್ಲದೆ ಸೆರಗು ಸಿಕ್ಕಿಸಿ ಓಡಿ
ಮೆಟ್ಟಿಲು ಎರಡೆರಡು ಹಾರಿ ಇಳಿದು ಹೊರಟೇಬಿಟ್ಟ
ರೈಲಿನ ಬಾಗಿಲ ಕಂಬಿಗೆ ಕೈ ಚಾಚಿ ಹೇಗೋ
ಹತ್ತಿದೆ

ಕೊನೆಯ 'ಹತ್ತಿದೆ' ಬರುವವರೆಗೆ ಪೂರ್ತಿ ಕ್ರಿಯಾಪದ ಒಂದೂ ಇಲ್ಲ. ಸಾಲುಗಳನ್ನು ಮುರಿದಿರುವ ಜಾಗ ನೋಡಿ. 'ಡಬ್ಬಿ' ಅಂತ ನಿಂತರೆ ಡಬ್ಬಿಗೆ ಏನಾಯಿತು ಗೊತ್ತಿಲ್ಲ. 'ಕೈ' ಅಂತ ನಿಂತರೆ ಕೈ ಗಾಳಿಯಲ್ಲಿದೆ. ಅದೇ ನಾನು 'ತಿರುಗಿ ಬಂದು' ಆದಮೇಲೆ, 'ಬೀಗ ಹಾಕಿ' ಆದಮೇಲೆ ಮುರಿದಿದ್ದರೆ ಪ್ರತಿ ಸಾಲೂ ಒಂದೊಂದು ಕೆಲಸ ಮುಗಿಸಿಕೊಂಡು ನಿಲ್ಲುತ್ತಿತ್ತು. ಅಲ್ಪವಿರಾಮ ಬೇರೆ ಹಾಕಿಬಿಟ್ಟರೆ ಇನ್ನೂ ಕಷ್ಟ. 'ಸಾಸಿವೆ ಹಾಕಿ, ಸಿಡಿದ ಮೇಲೆ ಕರಿಬೇವು ಹಾಕಿ, ಇಳಿಸಿ' ಅನ್ನುವುದೂ ಇದೇ ವ್ಯಾಕರಣವೇ, ಆದರೆ ಒಗ್ಗರಣೆ ಹಾಕುವವರಿಗೆ ಯಾವತ್ತೂ ಏದುಸಿರು ಬರುವುದಿಲ್ಲ. 'ಇ'ಕಾರಗಳನ್ನು ಪೋಣಿಸಿದ ಮಾತ್ರಕ್ಕೆ ಓಟ ಆಗುವುದಿಲ್ಲ. ಮುರಿಯುವ ಜಾಗ ಕೆಲಸದ ನಡುವೆ ಬೀಳಬೇಕು.

ವಾಕ್ಯ ಉದ್ದ ಇದ್ದರೆ ಸಾಕು ಅನ್ನುವುದೂ ಸುಳ್ಳು. ಕುವೆಂಪು ಬರೆದ 'ಶ್ರೀ ರಾಮಾಯಣ ದರ್ಶನಂ'ನಲ್ಲಿ ವಾಕ್ಯಗಳು ಸಾಲುಗಟ್ಟಲೆ ಹರಿಯುತ್ತವೆ, ಒಂದು ಉಪಮೆ ಶುರುವಾಯಿತೆಂದರೆ ಮುಗಿಯುವ ಹೊತ್ತಿಗೆ ಕಾಡೊಂದು ದಾಟಿರುತ್ತೀರಿ. ಏದುಸಿರು ಬರುತ್ತದೆಯೇ? ಇಲ್ಲ. ಅದರ ಹಿಂದೆ ಸರಳ ರಗಳೆಯ ನಡಿಗೆ ಇದೆ, ಐದೈದು ಮಾತ್ರೆಯ ಹೆಜ್ಜೆ. ವಾಕ್ಯ ಎಷ್ಟೇ ದೂರ ಹೋದರೂ ಹೆಜ್ಜೆ ತಪ್ಪುವುದಿಲ್ಲ, ಹಾಗಾಗಿ ದೊಡ್ಡ ಹೊಳೆ ಹರಿದ ಹಾಗೆ ಇರುತ್ತದೆ. ನನಗೆ ಬೇಕಾಗಿದ್ದದ್ದು ಎಡವುವ ನಡಿಗೆ. 'ಮೆಟ್ಟಿಲು ಎರಡೆರಡು ಹಾರಿ' ಅನ್ನುವಲ್ಲಿ ಮಾತ್ರೆ ಎಣಿಸಲು ಹೋಗಲಿಲ್ಲ.

ಅತ್ತಿಗೆಯ ಕೈಗೆ ಕೊಟ್ಟು ಜೋರಾಗಿ ಓದಿ ಅಂದೆ. ನಾನು ಪೆನ್ಸಿಲ್ ಹಿಡಿದು ಪಕ್ಕದಲ್ಲಿ ಕೂತೆ, ಎಲ್ಲಿ ಉಸಿರು ತೆಗೆದುಕೊಳ್ಳುತ್ತಾರೋ ಅಲ್ಲಿ ಒಂದು ಗೆರೆ. (ನಾವೇ ಬರೆದದ್ದನ್ನು ನಾವೇ ಓದಿ ನೋಡಿದರೆ ಪ್ರಯೋಜನ ಇಲ್ಲ. ಎಲ್ಲಿ ನಿಲ್ಲಬಾರದು ಅಂತ ನಮಗೆ ಮೊದಲೇ ಗೊತ್ತಿರುತ್ತದೆ.) ಮೂರು ಸಾಲು ಸರಾಗವಾಗಿ ಬಂತು. ಪ್ರತಿ ಸಾಲಿನ ಕೊನೆಗೆ ಒಂದು ಚೂರು ತಡೆದು, ಕೂಡಲೇ ಕೆಳಗೆ ಇಳಿಯುತ್ತಿದ್ದರು. ನನಗೆ ಬೇಕಾಗಿದ್ದದ್ದು ಆ ಅರ್ಧ ತಡೆ. ಪೂರ್ತಿ ನಿಂತರೆ ಬಿಕ್ಕಳಿಕೆ ಆಗುತ್ತದೆ, ನಿಲ್ಲದೇ ಓದಿದರೆ ಗದ್ಯ ಆಗುತ್ತದೆ.

ನಾಲ್ಕನೇ ಸಾಲಿನ ಕೊನೆಗೆ ಪೂರ್ತಿ ನಿಂತರು. "ಯಾರು ಹೊರಟೇಬಿಟ್ಟ?" ಅಂತ ಕೇಳಿದರು.

ನಾನು ಬರೆದದ್ದು ಹೊರಟೇಬಿಟ್ಟ ರೈಲು. ಸಾಲು ಮುರಿದದ್ದರಿಂದ ಯಾವನೋ ಒಬ್ಬ ಹೊರಟುಹೋಗಿದ್ದ! 'ಬಿಟ್ಟ', 'ಬಂದ', 'ಕೂತ' ಇವೆಲ್ಲ ಎರಡು ಮುಖದ ಪದಗಳು. ಮುಂದೆ ಒಂದು ಹೆಸರು ಇದ್ದರೆ ಅದಕ್ಕೆ ಅಂಟಿಕೊಳ್ಳುತ್ತವೆ, ಸಾಲಿನ ತುದಿಯಲ್ಲಿ ಒಂಟಿಯಾಗಿ ಬಿಟ್ಟರೆ 'ಅವನು ಬಂದ' ಅನ್ನುವಂತೆ ಪೂರ್ತಿ ಕ್ರಿಯಾಪದದ ವೇಷ ಹಾಕುತ್ತವೆ. ಓಡುವ ಪದ್ಯಕ್ಕೆ ಇದು ಕಾಲಿಗೆ ಸಿಗುವ ಕಲ್ಲು. 'ಹೊರಟೇಬಿಟ್ಟ ರೈಲಿನ' ಅಂತ ಕೂಡಿಸಿ, 'ಬಾಗಿಲ' ಅನ್ನುವುದರಿಂದ ಮುಂದಿನದನ್ನು ಮಾತ್ರ ಕೆಳಗೇ ಬಿಟ್ಟೆ. ಈಗ ಸರಿಹೋಯಿತು.

ಆ ಕಲ್ಲನ್ನು ಬಿಸಾಕಲಿಲ್ಲ. ರೈಲು ಹತ್ತಿದ ಮೇಲಿನ ಭಾಗ ಬಾಕಿ ಇತ್ತು. ಅಲ್ಲಿ ಓಟ ಇಲ್ಲ, ಗೊಂದಲ. ಇದೇ ಹಗ್ಗದಲ್ಲಿ ಎರಡನ್ನೂ ಕಟ್ಟಬಹುದು ಅಂತ ಅಂದುಕೊಂಡಿದ್ದೆ, ಆಗಲಿಲ್ಲ. ಓಟದಲ್ಲಿ ಮಾಡುವವರು ಒಬ್ಬರೇ, 'ಮರೆತು ಬಂದು ತೆಗೆದು' ಎಲ್ಲಾ ಒಬ್ಬರದೇ, ಅದಕ್ಕೇ ಓದುವವನಿಗೆ ದಾರಿ ತಪ್ಪುವುದಿಲ್ಲ. ಆಟೋ ಒಂದು ಅಡ್ಡ ಬಂದರೂ 'ನಿಲ್ಲದೆ' ಅಂತ ಪಕ್ಕಕ್ಕೆ ಸರಿಯಿತು. ಗೊಂದಲ ಆಗಬೇಕಾದರೆ ಮಾಡುವವರು ಬದಲಾಗುತ್ತಿರಬೇಕು, ಶುರುವಾದ ಮಾತು ಮುಗಿಯಬಾರದು:

ಮದ್ದೂರು ಬರಬೇಕಿತ್ತಲ್ಲ ವಡೆ ಮಾರುವವನೂ ಈ
ಬೋರ್ಡಿನಲ್ಲಿ ಪಾಂಡವಪುರ ಅಂತ ಅಂದರೆ ಪಕ್ಕದಲ್ಲಿ ಕೂತ
ಹುಡುಗಿ ಮೈಸೂರಾ ಆಂಟಿ ಅಂತ ನಾನು

ವಡೆಯವನ ಮಾತು 'ವನೂ' ಅಂತ ಅರ್ಧಕ್ಕೆ ನಿಂತು 'ಈ' ಅಂತ ಬೇರೆ ಕಡೆ ನೋಡುತ್ತದೆ. 'ಕೂತ' ಅಂದಾಗ ಯಾವನೋ ಕೂತ, ಕೆಳಗೆ ಇಳಿದರೆ ಅವನು ಹುಡುಗಿ. ಕೊನೆಗೆ 'ನಾನು' ಅಂತ ಬಂದು ಕ್ರಿಯಾಪದವೇ ಇಲ್ಲ. ಇದನ್ನು ಓದುವಾಗ ಅತ್ತಿಗೆಗೆ ಉಸಿರು ಕಟ್ಟಲಿಲ್ಲ. ನಿಧಾನ ಆದರು, ಕಣ್ಣು ಒಂದು ಸಾಲು ಹಿಂದಕ್ಕೆ ಹೋಗಿ ಬಂತು. ಹಾಗೆ ಹಿಂದಕ್ಕೆ ಹೋಗಿ ಬಂದರೆ ಗೊಂದಲ ಕೂತಿದೆ ಅಂತ ಲೆಕ್ಕ. ಎರಡು ಸಲ ಹಿಂದಕ್ಕೆ ಹೋದರೆ ಮಾತ್ರ ಕವಿಗೇ ಗೊಂದಲ ಅಂತ. ಮೊದಲು ಇದನ್ನು ಒಂಬತ್ತು ಸಾಲು ಬರೆದಿದ್ದೆ, ಐದನೇ ಸಾಲಿಗೆ ಅವರು ಹಾಳೆ ಕೆಳಗಿಟ್ಟು ಒಲೆ ಮೇಲಿನ ಹಾಲು ನೋಡಲು ಹೋದರು. ಮೂರಕ್ಕೆ ಇಳಿಸಿದ್ದು ಆಮೇಲೆ.

ಕೊನೆಗೆ ಎಲ್ಲಾ ಓದಿ ಮುಗಿಸಿ, "ಡಬ್ಬೀಲಿ ಏನಿತ್ತು ಅಂತ ಬರೀಲೇ ಇಲ್ಲವಲ್ಲಪ್ಪ, ಪಾಂಡವಪುರದ ಬೆಂಚ್ ಮೇಲೆ ಕೂತ್ಕೊಂಡು ಅದನ್ನೇ ತಿಂದಿದ್ದು ಕಣಪ್ಪ" ಅಂದರು.

ಚಿತ್ರಾನ್ನ. ಈಗ ಅದನ್ನು ಎಲ್ಲಿ ತುರುಕುವುದು? 'ಬೀಗ ತೆಗೆದು ಚಿತ್ರಾನ್ನದ ಡಬ್ಬಿ' ಅಂದರೆ ಮೊದಲ ಸಾಲು ಉದ್ದವಾಗುತ್ತದೆ. 'ಚಿತ್ರಾನ್ನದ' ಅಂತ ಮುರಿದರೆ ಓಡುವವರು ನಿಂತು ಡಬ್ಬಿ ಮುಚ್ಚಳ ತೆಗೆದು ನೋಡಿದ ಹಾಗಿರುತ್ತದೆ. ನಿನ್ನೆ ರಾತ್ರಿಯಿಂದ ಅದೇ ನೋಡುತ್ತಿದ್ದೇನೆ.