ಭಾಷೆ ಬದಲಾದ ಫೋನಿಗೆ ರೀಸೆಟ್ ಮಾಡಿಸಬೇಡಿ

ಫೋನಿನ ಭಾಷೆ ಕೈತಪ್ಪಿ ಬದಲಾಯ್ತು, ಒಂದಕ್ಷರ ಓದಲಿಕ್ಕೆ ಬರ್ತಿಲ್ಲ ಅಂತ ಅಂಗಡಿಗೆ ಹೋದರೆ ಕೆಲವು ಕಡೆ ಸೀದಾ "ರೀಸೆಟ್ ಮಾಡ್ಬೇಕು" ಅಂತಾರೆ. ದಯವಿಟ್ಟು ಒಪ್ಪಬೇಡಿ. ಫ್ಯಾಕ್ಟರಿ ರೀಸೆಟ್ ಅಂದರೆ ಫೋನಿನೊಳಗಿನ ಫೋಟೊ, ವಿಡಿಯೊ, ಆ್ಯಪು ಎಲ್ಲ ಅಳಿಸಿ ಹಾಕುವುದು. ಬ್ಯಾಕಪ್ ಇಲ್ಲದಿದ್ದರೆ ಹೋದದ್ದು ಹೋಯ್ತು. ಭಾಷೆ ಸರಿ ಮಾಡಲಿಕ್ಕೆ ಅದರ ಅಗತ್ಯ ಸ್ವಲ್ಪವೂ ಇಲ್ಲ.

ಉಡುಪಿಯಲ್ಲಿರುವ ನಮ್ಮ ದೊಡ್ಡಮ್ಮನ ಫೋನಿಗೆ ಹೀಗೇ ಆಯ್ತು. ಮೊಮ್ಮಗ ಆಟವಾಡಿ ಕೊಟ್ಟ ಮೇಲೆ ಪರದೆ ತುಂಬ ಗುಂಡು ಗುಂಡು ಅಕ್ಷರ. "ಎಂತದ್ದು ಮಾರಾಯ್ತಿ ಇದು? ಕನ್ನಡದ ಹಾಗೇ ಕಾಣ್ತದೆ, ಓದ್ಲಿಕ್ಕೆ ಹೋದ್ರೆ ಗೊತ್ತಾಗುದಿಲ್ಲ" ಅಂದರು. ಪೊರೆಯ ಆಪರೇಷನ್ ಆದ ಕಣ್ಣಿಗೇ ಏನೋ ಆಗಿದೆ ಅಂತ ಅವರಿಗೆ ಭಯ. ಅದು ಸಿಂಹಳ ಲಿಪಿ. ಕನ್ನಡ, ಮಲಯಾಳಂ ನೋಡಿದ ಕಣ್ಣಿಗೆ ದೂರದಿಂದ ಪರಿಚಿತವಾಗೇ ಕಾಣುವ ಲಿಪಿ ಅದು. ಅಂಗಡಿಯವರು ಅವರಿಗೂ ರೀಸೆಟ್ಟೇ ಹೇಳಿದ್ದರು. ಆ ಫೋನಿನಲ್ಲಿ ದೊಡ್ಡಪ್ಪನ ಕೊನೆಯ ವರ್ಷದ ಫೋಟೊಗಳಿದ್ದವು.

ಮೊದಲು ನೋಡಬೇಕಾದದ್ದು, ನಿಜವಾಗಿ ಬದಲಾದದ್ದು ಯಾವುದು ಅಂತ. ವಾಟ್ಸಾಪಿನಲ್ಲಿ ಬಂದ ಮೆಸೇಜು ಕನ್ನಡದಲ್ಲೇ ಇತ್ತು, ಸುತ್ತಲಿನ ಬಟನ್ನುಗಳ ಹೆಸರು ಮಾತ್ರ ಸಿಂಹಳ. ಉಳಿದ ಆ್ಯಪುಗಳಲ್ಲೂ ಅದೇ ಕತೆ. ಹಾಗಿದ್ದರೆ ಬದಲಾದದ್ದು ಇಡೀ ಫೋನಿನ ಭಾಷೆ. ಒಂದೇ ಆ್ಯಪು ಹಾಗಾಗಿದ್ದರೆ ಆ ಆ್ಯಪಿನ ಭಾಷೆ ಮಾತ್ರ ಬದಲಾಗಿರ್ತದೆ. ಟೈಪ್ ಮಾಡುವಾಗ ಮಾತ್ರ ಬೇರೆ ಅಕ್ಷರ ಬಂದರೆ ಅದು ಕೀಬೋರ್ಡಿನದ್ದು. ಅಲ್ಲಿ ಕಾಣುವ ಗೋಳದ ಗುರುತು ಒತ್ತಿದರೆ ಟೈಪಿಂಗ್ ಭಾಷೆ ಬದಲಾಗ್ತದೆ, ಫೋನಿನ ಭಾಷೆ ಅಲ್ಲ.

ಇನ್ನು ದಾರಿ. ಪರದೆಯನ್ನು ಮೇಲಿನಿಂದ ಕೆಳಗೆ ಎಳೆದರೆ ಹಲ್ಲಿನ ಚಕ್ರ ಕಾಣ್ತದೆ. ಅದೇ ಸೆಟ್ಟಿಂಗ್ಸ್. ಭಾಷೆ ಯಾವುದೇ ಇರಲಿ, ಆ ಚಕ್ರ ಬದಲಾಗುದಿಲ್ಲ. ದೊಡ್ಡಮ್ಮನ ಫೋನಿನಲ್ಲಿ ಸೆಟ್ಟಿಂಗ್ಸಿನ ಕೊನೆಯ ಹತ್ತಿರ, ವೃತ್ತದೊಳಗೆ ಇಂಗ್ಲಿಷಿನ i ಇರುವ ಸಾಲು ಸಿಸ್ಟಮ್‌ದು. ಅದರೊಳಗೆ ಮೇಲ್ಗಡೆಯೇ ಗೋಳದ ಗುರುತು, ಅದು ಭಾಷೆ. ಒತ್ತಿದಾಗ ಪಟ್ಟಿ ಬಂತು: 1ರಲ್ಲಿ ಸಿಂಹಳ, 2ರಲ್ಲಿ ನಮ್ಮ "ಕನ್ನಡ". ದೊಡ್ಡಮ್ಮನೇ ಬೆರಳಿಟ್ಟು ತೋರಿಸಿದರು. ಬಲಬದಿಯ ಗೆರೆಗಳ ಗುರುತನ್ನು ಒತ್ತಿ ಹಿಡಿದು ಕನ್ನಡವನ್ನು ಮೇಲೆ ಎಳೆದೆ. ಪರದೆ ಕನ್ನಡಕ್ಕೆ ಬಂತು. ಕೆಲವು ಫೋನು ನಡುವೆ ಒಪ್ಪಿಗೆ ಕೇಳ್ತದೆ. ಅಲ್ಲಿ ಸಾಮಾನ್ಯವಾಗಿ ಬಲಗಡೆಯ ಬಟನ್ನು ಹೌದು ಅನ್ನುವುದು.

ಪಟ್ಟಿಯಲ್ಲಿ ಕನ್ನಡ ಇಲ್ಲದಿದ್ದರೆ + ಇರುವ ಸಾಲು ಒತ್ತಿ. ಅಲ್ಲಿ ಪ್ರತಿ ಭಾಷೆಯ ಹೆಸರೂ ಅದರದ್ದೇ ಅಕ್ಷರದಲ್ಲಿ ಇರ್ತದೆ. ಹಾಗಾಗಿ ಎಷ್ಟೇ ಉದ್ದದ ಪಟ್ಟಿ ಇದ್ದರೂ "ಕನ್ನಡ" ಅಥವಾ "English" ಕಣ್ಣಿಗೆ ಬಿದ್ದೇ ಬೀಳ್ತದೆ.

ಎಲ್ಲ ಫೋನಿನಲ್ಲೂ ಗುರುತು ಒಂದೇ ಅಲ್ಲ, ಇದೇ ದೊಡ್ಡ ತಲೆನೋವು. ಸ್ಯಾಮ್‌ಸಂಗ್‌ನಲ್ಲಿ ಭಾಷೆ ಇರುವುದು ಜನರಲ್ ಮ್ಯಾನೇಜ್‌ಮೆಂಟಿನೊಳಗೆ. ಅಡ್ಡ ಗೆರೆಗಳ ಮೇಲೆ ಚುಕ್ಕಿ ಇಟ್ಟಂಥ ಚಿತ್ರ ಅದರ ಗುರುತು. ಐಫೋನಿನಲ್ಲಿ ಸೆಟ್ಟಿಂಗ್ಸ್ ಒಳಗೆ ಬೂದು ಬಣ್ಣದ ಇನ್ನೊಂದು ಚಕ್ರ ಇದೆ, ಅದರೊಳಗೆ ಹುಡುಕಬೇಕು. ಗುರುತೇ ಸಿಗದಿದ್ದರೆ ನಾನು ಹೇಳುವುದು ಒಂದೇ ಉಪಾಯ: ಅದೇ ಮಾಡೆಲ್ಲಿನ, ಓದಲಿಕ್ಕೆ ಬರುವ ಇನ್ನೊಂದು ಫೋನು ಪಕ್ಕದಲ್ಲಿಡಿ. ಎರಡರಲ್ಲೂ ಸೆಟ್ಟಿಂಗ್ಸ್ ತೆರೆದು ಸಾಲು ಎಣಿಸುತ್ತಾ ಹೋಗಿ. ಸೆಟ್ಟಿಂಗ್ಸಿನ ಸಾಲುಗಳನ್ನು ಅಕ್ಷರಮಾಲೆಯ ಕ್ರಮದಲ್ಲಿ ಇಟ್ಟಿರುದಿಲ್ಲ, ಆದ್ದರಿಂದ ಭಾಷೆ ಬದಲಾದರೂ ಅವು ಇದ್ದಲ್ಲೇ ಇರ್ತವೆ. ಸಾಫ್ಟ್‌ವೇರ್ ಹಳತು ಹೊಸತು ಆಗಿದ್ದರೆ ಮಾತ್ರ ಲೆಕ್ಕ ತಪ್ಪಬಹುದು.

ನಮ್ಮ ಊರಲ್ಲಿ ಗಲ್ಫಿನಿಂದ ಬಂದ ಫೋನು ಜಾಸ್ತಿ ಅಲ್ವಾ, ಅರೇಬಿಕ್ ಆಗಿಹೋದರೆ ಇನ್ನೊಂದು ಗಲಿಬಿಲಿ. ಅಕ್ಷರದ ಜೊತೆ ಪರದೆಯೂ ತಿರುಗಿ ಕೂತಿರ್ತದೆ. ಚಿತ್ರಗಳು ಬಲಕ್ಕೆ, ಎಳೆಯುವ ಗೆರೆಗಳು ಎಡಕ್ಕೆ, ಹಿಂದೆ ಹೋಗುವ ಬಾಣ ಬಲಕ್ಕೆ ಮುಖ ಮಾಡಿ. ಫೋನು ಹಾಳಾಗಿದೆ ಅಂತಲೇ ಅನಿಸ್ತದೆ. ಮೇಲಿನಿಂದ ಕೆಳಗಿನ ಎಣಿಕೆ ಮಾತ್ರ ಹಾಗೇ ಇರ್ತದೆ, ಅದನ್ನೇ ನಂಬಿ.

ನನ್ನ ಪ್ರಕಾರ ಭಾಷೆಯ ಸಾಲನ್ನು ಹೀಗೆ ಎರಡು ಮೂರು ಪರದೆ ಒಳಗೆ ಅಡಗಿಸಿಡುವುದೇ ತಪ್ಪು. ಸೆಟ್ಟಿಂಗ್ಸಿನ ಮೊದಲ ಪರದೆಯಲ್ಲೇ, ಎಲ್ಲ ಕಂಪನಿಗೂ ಒಂದೇ ಗುರುತಿನಲ್ಲಿ ಅದು ಇರಬೇಕು. ವೈಫೈಗೆ ಒಂದೇ ಗುರುತು ಇರಲಿಕ್ಕೆ ಸಾಧ್ಯ ಅಂತಾದರೆ ಇದಕ್ಕೆ ಯಾಕಿಲ್ಲ?