80 ಅಕ್ಷರ ಯಾಕೆ ಸಾಲುತ್ತಿಲ್ಲ?

"ಇಂಗ್ಲಿಷ್ ಸಾಲನ್ನೇ ಕನ್ನಡಕ್ಕೆ ತಂದೆ, ಪ್ಲೇ ಸ್ಟೋರ್‌ನಲ್ಲಿ ನನ್ನ ಆ್ಯಪ್‌ನ ಸಣ್ಣ ವಿವರಣೆ 80 ಅಕ್ಷರದ ಮಿತಿ ದಾಟುತ್ತಿದೆ, ಏನು ಮಾಡಲಿ?"

ಪ್ಲೇ ಸ್ಟೋರ್ ಕಣ್ಣಿಗೆ ಕಾಣುವ ಅಕ್ಷರ ಎಣಿಸುವುದಿಲ್ಲ, ಗುಣಿತದ ಚಿಹ್ನೆ, ಸೊನ್ನೆ, ಒತ್ತಿನೊಳಗಿನ ಹಲಂತ ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. ‘ಖರ್ಚು’ ನಮಗೆ ಎರಡಕ್ಷರ, ಅದಕ್ಕೆ ಐದು. ಹಾಗಾಗಿ ಅನುವಾದ ಬಿಡಿ, ಹೊಸದಾಗಿ ಬರೆಯಿರಿ. ನನ್ನ ಖರ್ಚಿನ ಆ್ಯಪ್‌ಗೆ ‘ದೈನಂದಿನ ವೆಚ್ಚಗಳ ಸಮರ್ಪಕ ನಿರ್ವಹಣೆಗಾಗಿ’ ಅಂತ ಶುರು ಮಾಡಿದ್ದೆ, ಅಷ್ಟರಲ್ಲೇ ಹತ್ತಿರ ಹತ್ತಿರ ಅರ್ಧ ಜಾಗ ಮುಗಿದಿತ್ತು, ಆ್ಯಪ್ ಏನು ಮಾಡುತ್ತದೆ ಅಂತ ಇನ್ನೂ ಹೇಳಿಯೇ ಇರಲಿಲ್ಲ. ‘ದಿನದ ಖರ್ಚು ಬರೆದಿಡಿ, ತಿಂಗಳ ಲೆಕ್ಕ ನೋಡಿ’ ಅಂದರೆ ಬರೀ 36.

ಉದ್ದದ ವಿವರಣೆಗೆ 4000 ಇದೆ, ಅಲ್ಲಿ ಜಾಗದ ಚಿಂತೆಯಿಲ್ಲ. ಆದರೆ ಹುಡುಕಾಟಕ್ಕೆ ಅದೂ ಲೆಕ್ಕಕ್ಕೆ ಬರುತ್ತದೆ, ಅಲ್ವಾ? ‘ವೆಚ್ಚ’ ಅಂತ ಟೈಪ್ ಮಾಡುವವರಿಗಾಗಿ ಆ ಪದವನ್ನು ಅಲ್ಲಿ ಸಹಜವಾಗಿ ಒಂದೆರಡು ಕಡೆ ಬಳಸಿ, ಸುಮ್ನೆ ತುರುಕಬೇಡಿ.